ವಾಷಿಂಗ್ ಮಷಿನ್ನಿನ ಕೊನೆಯ ನೀರು

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡ ಎಂದು ಸಾರಿತು. ವಾಷಿಂಗ್ ಮಷಿನ್ನಿನ ತಂಟೆಗೆ ಯಾರೂ ಹೋಗಲಿಲ್ಲ, ಬಟ್ಟೆ ಒಗೆಯಲೇಬೇಕಲ್ಲ. ಆದರೆ ಟ್ಯಾಂಕರಿಗೆ ಕಾಯುತ್ತಿದ್ದ ಮನೆಗಳಲ್ಲೂ ಮಷಿನ್ನಿನ ಪೈಪು ಹೆಚ್ಚುಕಡಿಮೆ ತಿಳಿಯಾದ ನೀರನ್ನೇ ಬಚ್ಚಲಿಗೆ ಸುರಿಯುತ್ತಿತ್ತು.

ನಾಲ್ಕು ಜನರ ಒಂದು ಮನೆ, ಆರೂವರೆ ಕೆ.ಜಿ.ಯ ಟಾಪ್ ಲೋಡ್ ಮಷಿನ್ ಎಂದಿಟ್ಟುಕೊಳ್ಳಿ. ದಿನಾ ಬೆಳಿಗ್ಗೆ ಮೂರೂವರೆ ಕೆ.ಜಿ. ಬಟ್ಟೆ ಬೀಳುತ್ತದೆ. ಮಧ್ಯಮ ಮಟ್ಟದಲ್ಲಿ ಒಂದು ಸಲ ತುಂಬಲು ಸುಮಾರು 40 ಲೀಟರ್ ಬೇಕು. ಒಮ್ಮೆ ಒಗೆದು ಎರಡು ಸಲ ಜಾಲಿಸಿದರೆ 120 ಲೀಟರ್, ವಾರಕ್ಕೆ 840. ಅದೇ ಬಟ್ಟೆಯನ್ನು ಕೂಡಿಟ್ಟು ವಾರಕ್ಕೆ ನಾಲ್ಕು ಸಲ ತುಂಬು ಡ್ರಮ್ ಹಾಕಿದರೆ, ಸಲಕ್ಕೆ 55 ಲೀಟರಿನಂತೆ ಮೂರು ತುಂಬು, ಒಟ್ಟು 660. ಉಳಿದದ್ದು 180 ಲೀಟರ್. ಕಡಿಮೆಯೇನಲ್ಲ, ಆದರೆ ಎಲ್ಲರೂ ಹೇಳುವಷ್ಟು ದೊಡ್ಡದೂ ಅಲ್ಲ. ಇದೇ ಮನೆ ನಾಲ್ಕು ಒಗೆತದ ಕೊನೆಯ ಜಾಲಿಸಿದ ನೀರನ್ನಷ್ಟೇ ಹಿಡಿದಿಟ್ಟರೆ ಸುಮಾರು 220 ಲೀಟರ್ ಸಿಗುತ್ತದೆ. ಅಂದರೆ ಪೈಪಿನ ತುದಿಯಲ್ಲಿ ಸಿಗುವ ಉಳಿತಾಯವೇ ಹೆಚ್ಚು.

ತುಂಬು ಡ್ರಮ್ ಎಂದರೆ ತುರುಕುವುದಲ್ಲ. ಮಷಿನ್ನಿನ ಮೇಲೆ ಬರೆದಿರುವ ಕೆ.ಜಿ. ಒಣಗಿದ ಹತ್ತಿ ಬಟ್ಟೆಯ ಲೆಕ್ಕ. ಸಿಂಥೆಟಿಕ್ ಬಟ್ಟೆಗೆ ಅದರ ಅರ್ಧದಷ್ಟೇ ಹಾಕಬೇಕು. ಬಟ್ಟೆಯ ಗಂಟು ಹಿಡಿದು ತೂಕದ ಯಂತ್ರದ ಮೇಲೆ ಒಮ್ಮೆ ನಿಂತು ನೋಡಿದರೆ ಅಂದಾಜು ಸಿಗುತ್ತದೆ. ಫ್ರಂಟ್ ಲೋಡ್ ಆದರೆ ಬಟ್ಟೆಯ ಮೇಲೆ ಅಂಗೈ ಅಡ್ಡಲಾಗಿ ತೂರುವಷ್ಟು ಜಾಗ ಉಳಿಯಲಿ. ಒಣಗಿದ ಬಟ್ಟೆಯ ಮಡಿಕೆಯಲ್ಲಿ ಪೌಡರಿನ ಬಿಳಿ ಗೆರೆ ಕಂಡರೆ ಡ್ರಮ್ ಹೆಚ್ಚಾಗಿ ತುಂಬಿರಬಹುದು. ಮತ್ತೆ ಜಾಲಿಸಬೇಕಾದರೆ ಉಳಿಸಿದ ನೀರೆಲ್ಲ ಹೋಯಿತು.

ಕರೆಂಟಿನ ಲೆಕ್ಕ ಮುಖ್ಯವಾಗಿ ಹೀಟರ್ ಇರುವ ಮಷಿನ್‌ಗಳಿಗೆ. ಲೀಟರನ್ನು ಏರಿಸಬೇಕಾದ ಡಿಗ್ರಿಯಿಂದ ಗುಣಿಸಿ 860ರಿಂದ ಭಾಗಿಸಿದರೆ ಯೂನಿಟ್ ಬರುತ್ತದೆ. ಫ್ರಂಟ್ ಲೋಡ್ ಒಗೆಯಲು 15 ಲೀಟರ್ ತೆಗೆದುಕೊಂಡಿತು, ನಲ್ಲಿಯ ನೀರು 25 ಡಿಗ್ರಿ ಇದೆ ಎನ್ನಿ. ಅದನ್ನು 60 ಡಿಗ್ರಿಗೆ ಕಾಯಿಸಲು 0.6 ಯೂನಿಟ್ ಬೇಕು, 40 ಡಿಗ್ರಿಗಾದರೆ 0.26 ಸಾಕು. ಕಾಯಿಸದಿದ್ದರೆ ಮೋಟಾರು, ಪಂಪಿನ ಖರ್ಚು ಮಾತ್ರ. ಹಾಗಾಗಿಯೇ ತಣ್ಣೀರಿನ ಎರಡು ಗಂಟೆಯ ಒಗೆತ ಬಿಸಿನೀರಿನ ಒಂದು ಗಂಟೆಯ ಒಗೆತಕ್ಕಿಂತ ಅಗ್ಗ. ಹೊತ್ತು ನೋಡಿ ಬಿಲ್ಲಿಗೆ ಹೆದರಬೇಕಿಲ್ಲ. ಈಗಿನ ಹಲವು ಡಿಟರ್ಜೆಂಟ್‌ಗಳ ಕಿಣ್ವಗಳು 30 ಡಿಗ್ರಿಯಲ್ಲೂ ಕೆಲಸ ಮಾಡುತ್ತವೆ. ನಮ್ಮ ನಲ್ಲಿಯ ನೀರು ಅದರ ಹತ್ತಿರಕ್ಕೇ ಇದೆ. ಜಿಡ್ಡು ಹಿಡಿದ ಅಡುಗೆಮನೆ ಬಟ್ಟೆಗೆ 40, ಕಾಯಿಲೆಯವರ ಹಾಸಿಗೆ ಬಟ್ಟೆಗೆ 60 ಇರಲಿ. ಸದಾ ತಣ್ಣೀರೇ ಬಳಸುವ ಡ್ರಮ್ಮಿನಲ್ಲಿ ಲೋಳೆ ಕಟ್ಟಿ ವಾಸನೆ ಬರುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ 60 ಡಿಗ್ರಿಯಲ್ಲಿ ಖಾಲಿ ಓಡಿಸಿ.

ಇನ್ನು ನೀರು ಹಿಡಿಯುವ ಮಾತು. ಮೊದಲು ಬರುವ ಸೋಪಿನ ನೀರನ್ನು ಬಚ್ಚಲಿಗೇ ಬಿಡಿ. ಕೊನೆಯ ಸಲ ಜಾಲಿಸಿದ್ದು ಮಾತ್ರ ಡ್ರಮ್ಮಿಗೆ ಹೋಗಲಿ. ಪೈಪು ತಿರುಗಿಸುವ ಮುನ್ನ ಮಷಿನ್ ಯಾವ ಬಗೆಯದೆಂದು ನೋಡಿ. ಪಂಪು ಇರುವ ಮಷಿನ್ನಿನ ಪೈಪಿನ ತುದಿ ನೆಲದಿಂದ ಸುಮಾರು ಎರಡು ಮೂರು ಅಡಿ ಮೇಲಿರಬೇಕು. ಅದನ್ನು ನೆಲದ ಬಕೆಟ್ಟಿಗೆ ಇಳಿಬಿಟ್ಟರೆ ತುಂಬುತ್ತಿರುವಾಗಲೇ ನೀರು ತಾನಾಗಿ ಹರಿದುಹೋಗುತ್ತದೆ. ಮಷಿನ್ ಎಷ್ಟು ಹೊತ್ತಾದರೂ ತುಂಬುತ್ತಲೇ ಇದ್ದು ತಿರುಗಲು ಶುರುಮಾಡದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಪಂಪಿಲ್ಲದ ಮಷಿನ್ನಿಗೆ ಇದು ತಿರುಗುಮುರುಗು: ಪೈಪು ಎತ್ತಿದರೆ ನೀರು ಹೊರಗೇ ಬರದು. ಅದಕ್ಕೆ ನೆಲದ ಮೇಲೆ ಅಗಲವಾದ ಟಬ್ ಇಟ್ಟು ಮೊಗೆದುಕೊಳ್ಳಬೇಕು. ಎರಡೂ ಬಗೆಯಲ್ಲಿ ಪೈಪಿನ ತುದಿ ಹಿಡಿದಿಟ್ಟ ನೀರಿನಲ್ಲಿ ಮುಳುಗದಿರಲಿ.

ಒಂದೇ ದಿನ ಎರಡು ಸಲ ಒಗೆಯುವವರು ಮೊದಲು ಬಿಳಿ, ಆಮೇಲೆ ಬಣ್ಣದ ಬಟ್ಟೆ ಹಾಕಿ, ಬಿಳಿ ಬಟ್ಟೆಯ ಕೊನೆಯ ನೀರನ್ನೇ ಟಾಪ್ ಲೋಡಿಗೆ ಸುರಿಯಬಹುದು. ಮಟ್ಟ ಅಳೆಯುವ ಸೆನ್ಸರ್ ಅದನ್ನೂ ಲೆಕ್ಕಕ್ಕೆ ಹಿಡಿದು ಕೊರತೆಯಾದಷ್ಟನ್ನೇ ನಲ್ಲಿಯಿಂದ ತುಂಬಿಕೊಳ್ಳುತ್ತದೆ. ಆದರೆ ಒದ್ದೆ ಬಟ್ಟೆಯ ತೂಕಕ್ಕೆ ಮಷಿನ್ ಮೋಸಹೋಗಬಹುದಾದ್ದರಿಂದ ನೀರಿನ ಮಟ್ಟವನ್ನು ನೀವೇ ಒತ್ತಿ ಆರಿಸಿ. ನಾಲ್ಕೈದು ಬಕೆಟ್ ಎತ್ತುವ ಕೆಲಸವಿದು, ಸೊಂಟನೋವಿನವರಿಗೆ ಹೇಳಿದ್ದಲ್ಲ. ಫ್ರಂಟ್ ಲೋಡಿನಲ್ಲಿ ಇದಕ್ಕೆ ದಾರಿಯೇ ಇಲ್ಲ.

ಉಳಿದ ನೀರಿಗೆ ಕಕ್ಕಸಿನ ಫ್ಲಶ್ಶೇ ಉತ್ತಮ ಜಾಗ. ನೆಲ ಒರೆಸಬಹುದು, ಆದರೆ ಕಂಫರ್ಟ್‌ನಂಥ ಮೃದುಕಾರಕ ಹಾಕಿದ್ದರೆ ಬೇಡ, ಜಾರುತ್ತದೆ. ಪೌಡರಿನ ಸೋಡಾ ಮಣ್ಣನ್ನು ಗಟ್ಟಿಮಾಡುವುದರಿಂದ ಕುಂಡದ ಗಿಡಗಳಿಗೆ ದಿನಾ ಹಾಕಬೇಡಿ. ಹಿಡಿದಿಟ್ಟ ನೀರನ್ನು ಒಂದೇ ದಿನದಲ್ಲಿ ಮುಗಿಸಿ, ಮುಗಿಯುವವರೆಗೆ ಮುಚ್ಚಿಡಿ; ತೆರೆದಿಟ್ಟರೆ ನಾರುವುದಷ್ಟೇ ಅಲ್ಲ, ಸೊಳ್ಳೆಯೂ ಮೊಟ್ಟೆಯಿಡುತ್ತದೆ.