ಆರು ರೂಪಾಯಿಯ ಕಾಗದ

ನಮ್ಮ ಬೀದಿಗೆ ವರ್ತನೆ ಹಾಲು ಹಾಕುವ ಗೌಡರು ಕಳೆದ ವರ್ಷ, ಅಂದರೆ 2025ರ ಏಪ್ರಿಲ್‌ನಲ್ಲಿ, ಒಂದು ಸಂಜೆ ಕ್ಯಾನಿಲ್ಲದೆ ಬಂದರು. ಮೈಸೂರಿನ ರಿಂಗ್ ರಸ್ತೆಯಾಚೆಯ ಹಳ್ಳಿಯವರು. ಹತ್ತು ಸೀಮೆಹಸು, ಅರವತ್ತು ವರ್ತನೆ ಮನೆ, ಒಂದು ಮೊಪೆಡ್ಡು, ಇಷ್ಟೇ ಅವರ ಡೈರಿ. "ಮೇಷ್ಟ್ರೇ, ಮುಂದಿನ ತಿಂಗಳಿಂದ ಲೀಟರಿಗೆ ಎಂಟು ರೂಪಾಯಿ ಏರಿಸ್ಬೇಕು. ಮನೆಮನೆಗೆ ಹೇಳ್ಕೊಂಡು ಬರೋಕೆ ಬಾಯಿ ಬರಲ್ಲ. ಒಂದು ಕಾಗದ ಬರ್ಕೊಡಿ, ಜೆರಾಕ್ಸ್ ಮಾಡಿಸಿ ಹಂಚ್ತೀನಿ" ಎಂದರು.

ನಾನು ಮೇಷ್ಟರ ಅಭ್ಯಾಸದಂತೆ ಎರಡೇ ನಿಮಿಷಕ್ಕೆ ಬರೆದೆ: 'ಅನಿವಾರ್ಯ ಕಾರಣಗಳಿಂದ ಹಾಲಿನ ದರವನ್ನು ಪರಿಷ್ಕರಿಸಲಾಗಿದೆ. ಗ್ರಾಹಕರು ಸಹಕರಿಸಬೇಕಾಗಿ ವಿನಂತಿ.' ಗೌಡರು ಓದಿಸಿ ಕೇಳಿದರು. "ಇದರಲ್ಲಿ ಯಾಕೆ ಅಂತ ಎಲ್ಲೂ ಇಲ್ವಲ್ಲ" ಎಂದರು. ನಿಜ. ಪರಿಷ್ಕರಣೆ ಎಂಬ ಮಾತು ಬಸ್ ಟಿಕೆಟ್ಟಿನಲ್ಲಾಗಲಿ ಕರೆಂಟ್ ಬಿಲ್ಲಿನಲ್ಲಾಗಲಿ ಬಂದರೆ ಓದುವವನಿಗೆ ಗೊತ್ತಾಗುವುದು ಒಂದೇ, ಜೇಬು ಹಗುರವಾಗುತ್ತದೆಂದು. ಆ ಹಾಳೆ ಹರಿದು ಅವರ ಲೆಕ್ಕದ ಪುಸ್ತಕ ತರಿಸಿದೆ.

ಮೊದಲಿಗೆ ಒಂದು ನಿಯಮ ಮಾಡಿಕೊಂಡೆವು. ಹಿಂದಿನ ಸಲ ದರ ಏರಿಸಿದ್ದು 2024ರ ಮೇ ತಿಂಗಳಲ್ಲಿ, ಲೀಟರಿಗೆ 54 ರೂಪಾಯಿಗೆ. ಅಲ್ಲಿಂದೀಚೆಗೆ ಏರಿದ್ದನ್ನು ಮಾತ್ರ ಬರೆಯುವುದು. ಸಾಲದ ಕಂತು ಇದೆ, ಆದರೆ ಆಗಲೂ ಅಷ್ಟೇ ಇತ್ತು. ಅದನ್ನು ಕಾಗದದಲ್ಲಿ ಅಳುವುದರಲ್ಲಿ ಅರ್ಥವಿಲ್ಲ.

ಕರೆಯುವ ಹಸು ಎಂಟು, ಗಬ್ಬದ ಕೊನೆಯಲ್ಲಿ ಬತ್ತಿದವು ಎರಡು. ಇದು ದುರದೃಷ್ಟವಲ್ಲ, ಹೈನಿನ ಲೆಕ್ಕವೇ ಹೀಗೆ. ಕರು ಹಾಕಿದ ಹಸು ಹತ್ತು ತಿಂಗಳು ಹಾಲು ಕೊಡುತ್ತದೆ. ಮುಂದಿನ ಕರುವಿಗೆ ಮುಂಚೆ ಎರಡು ತಿಂಗಳು ಅದನ್ನು ಬತ್ತಿಸಲೇಬೇಕು, ಇಲ್ಲದಿದ್ದರೆ ಮುಂದಿನ ಸಲದ ಹಾಲೂ ಕೈಕೊಡುತ್ತದೆ. ಹಾಲಿಲ್ಲದ ಆ ಎರಡು ತಿಂಗಳೂ ಅದಕ್ಕೆ ಮೇವು ಬೇಕೇ ಬೇಕು. ಎಂಟು ಹಸುವಿಂದ ದಿನಕ್ಕೆ 80 ಲೀಟರ್ ಬರುತ್ತದೆ. ಕರುಗಳಿಗೆ, ಮನೆಗೆ, ಚೆಲ್ಲಿದ್ದಕ್ಕೆ ಐದು ಹೋದರೆ ಮಾರುವುದು 75.

ಹಿಂಡಿ-ಬೂಸಾದ ಲೆಕ್ಕದಲ್ಲಿ ಗೌಡರು ಪಕ್ಕಾ. ಹಸುವಿನ ಮೈಗೆ ಒಂದೂವರೆ ಕೆಜಿ, ಮೇಲೆ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಹತ್ತು ಲೀಟರ್ ಕೊಡುವ ಹಸುವಿಗೆ ಹೀಗೆ ಐದೂವರೆ ಕೆಜಿ ಬೀಳುತ್ತದೆ. ಎಂಟಕ್ಕೆ 44, ಬತ್ತಿದ ಎರಡಕ್ಕೆ ತಲಾ ಎರಡರಂತೆ ನಾಲ್ಕು, ಒಟ್ಟು 48. ಹತ್ತಿರ ಹತ್ತಿರ ದಿನಕ್ಕೊಂದು ಮೂಟೆ. ಕೆಜಿಗೆ 25 ಇದ್ದದ್ದು ಒಂದು ವರ್ಷದಲ್ಲಿ 29 ಆಗಿದೆ. ಪಶು ಆಹಾರದಲ್ಲಿ ಮೆಕ್ಕೆಜೋಳವೇ ಜಾಸ್ತಿ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥೆನಾಲ್ ತಯಾರಿಸುವುದಕ್ಕೆ ಕಡಿವಾಣ ಹಾಕಿತು, ಕಾರ್ಖಾನೆಗಳು ಮೆಕ್ಕೆಜೋಳಕ್ಕೆ ಕೈ ಹಾಕಿದವು. ಕಾರಿನ ಟ್ಯಾಂಕಿಗೂ ಹಸುವಿನ ಗೋದಲಿಗೂ ಒಂದೇ ಜೋಳ ಬೇಕಾಯಿತು. ಈ ಬಾಬ್ತಿನಲ್ಲೇ ದಿನಕ್ಕೆ 192 ರೂಪಾಯಿ, ಅಂದರೆ ಲೀಟರಿಗೆ ಎರಡೂವರೆ ರೂಪಾಯಿಯ ಮೇಲೆ, ಹೊಸ ಹೊರೆ.

ರಾಗಿ ಹುಲ್ಲು ದಿನಕ್ಕೆ 40 ಕೆಜಿ, ಕೆಜಿಗೆ ಎರಡು ರೂಪಾಯಿ ಏರಿಕೆ, 80 ರೂಪಾಯಿ. ಹಸಿ ಮೇವು ಸ್ವಂತ ಹೊಲದ್ದು, ಲೆಕ್ಕಕ್ಕಿಲ್ಲ. ಕೊಟ್ಟಿಗೆ ಆಳಿನ ಸಂಬಳ ತಿಂಗಳಿಗೆ ಎರಡೂವರೆ ಸಾವಿರ ಜಾಸ್ತಿಯಾಗಿದೆ, ದಿನಕ್ಕೆ 83. ಔಷಧಿ, ಖನಿಜ ಮಿಶ್ರಣ, ಡಾಕ್ಟರ ಓಡಾಟ ಸೇರಿ 30.

"ಪೆಟ್ರೋಲು ಮರೀಬೇಡಿ" ಎಂದು ಗೌಡರು ನೆನಪಿಸಿದರು. ಬೆಲೆ ಏರಿಸುವ ಯಾರನ್ನೇ ಕೇಳಿ, ಮೊದಲು ಬರುವ ಮಾತು ಪೆಟ್ರೋಲು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಏರಿಸಿದಾಗ ಲೀಟರಿಗೆ ಮೂರು ರೂಪಾಯಿ ಜಾಸ್ತಿಯಾಯಿತು. ಗೌಡರ ಮೊಪೆಡ್ಡಿಗೆ ದಿನಕ್ಕೆ ಒಂದು ಲೀಟರ್. ಆ ಮೂರು ರೂಪಾಯಿಯನ್ನು 75 ಲೀಟರ್ ಹಾಲಿಗೆ ಹಂಚಿದರೆ ಬಂದದ್ದು ನಾಲ್ಕು ಪೈಸೆ! ಗೌಡರು ನನ್ನ ಕ್ಯಾಲ್ಕ್ಯುಲೇಟರನ್ನು ಕಿತ್ತುಕೊಂಡು ತಾವೇ ಒತ್ತಿ ನೋಡಿದರು.

ಆಮೇಲೆ ಅವರು ಹೇಳಿದ್ದು ಫೆಬ್ರವರಿಯ ನಷ್ಟ. ಒಂದು ಹಸುವಿಗೆ ಕೆಚ್ಚಲು ಬಾವು ಬಂತು. ನಾಲ್ಕು ದಿನ ಇಂಜೆಕ್ಷನ್ನು, ಅದಾದ ಮೇಲೂ ಡಾಕ್ಟರ ಮಾತಿನಂತೆ ಮೂರು ದಿನ ಹಾಲು ಚೆಲ್ಲಿದರು. ಆಂಟಿಬಯಾಟಿಕ್ ಹಾಲಿಗಿಳಿಯುತ್ತದೆ. ಎಷ್ಟು ದಿನ ಬಿಡಬೇಕೆಂಬುದು ಔಷಧಿಯಿಂದ ಔಷಧಿಗೆ ಬೇರೆ, ಕಾಯಿಸಿದರೆ ಹೋಗುತ್ತದೆಂದು ನಂಬುವಂತಿಲ್ಲ. ಏಳು ದಿನಕ್ಕೆ 70 ಲೀಟರ್, 3,780 ರೂಪಾಯಿ ಚರಂಡಿಗೆ. ಇದನ್ನೂ ಸೇರಿಸೋಣ ಎಂದರು. ನಾನು ಒಪ್ಪಲಿಲ್ಲ. ಒಂದು ಸಲ ಆದ ನಷ್ಟವನ್ನು ದಿನದಿನದ ದರಕ್ಕೆ ಹಾಕಿದರೆ ವಾಸಿಯಾದ ಬಾವಿಗೂ ಗಿರಾಕಿ ವರ್ಷಪೂರ್ತಿ ದುಡ್ಡು ಕೊಟ್ಟಂತಾಯಿತು. ಗೌಡರಿಗೆ ಬೇಸರವಾಯಿತು, ಆದರೆ ಹೊಡೆದುಹಾಕಲು ಬಿಟ್ಟರು.

ಏರಿದ್ದೆಲ್ಲ ದಿನಕ್ಕೆ 388 ರೂಪಾಯಿ. ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಅವರ ಹೆಂಡತಿ ಬಾಗಿಲ ಬಳಿಯಿಂದ, "ಗೊಬ್ಬರಕ್ಕೂ ಈಗ ರೇಟು ಜಾಸ್ತಿ ಬರ್ತದಲ್ಲ" ಎಂದುಬಿಟ್ಟರು. ತಿಂಗಳಿಗೊಂದು ಟ್ರ್ಯಾಕ್ಟರ್ ಲೋಡು, ಹೋದ ವರ್ಷಕ್ಕಿಂತ 750 ಜಾಸ್ತಿ, ದಿನಕ್ಕೆ 25. ಕಳೆದರೆ 363. ಅದನ್ನು 75ರಿಂದ ಭಾಗಿಸಿದರೆ ಲೀಟರಿಗೆ 4 ರೂಪಾಯಿ 84 ಪೈಸೆ. ಎಂಟು ಎಂದುಕೊಂಡು ಬಂದವರಿಗೆ ಐದೂ ಸಿಗಲಿಲ್ಲ.

ಆಗ ನಾನು ಕೇಳಿದೆ: ಬೆಳಗಿನ ಜಾವ ನಾಲ್ಕಕ್ಕೆ ಏಳುವ ನಿಮ್ಮಿಬ್ಬರ ಕೂಲಿ ಎಲ್ಲಿ? ಪುಸ್ತಕದಲ್ಲಿ ಆ ಕಲಮೇ ಇರಲಿಲ್ಲ. ಆರು ರೂಪಾಯಿ ಏರಿಸಿದರೆ ದಿನಕ್ಕೆ 450 ಬರುತ್ತದೆ, ಖರ್ಚು ಕಳೆದು 87 ಉಳಿಯುತ್ತದೆ. ಅದು ಹಿಂಡಿಯದೂ ಅಲ್ಲ ಪೆಟ್ರೋಲಿನದೂ ಅಲ್ಲ, ನಿಮ್ಮ ಕೂಲಿ ಏರಿಕೆ, ಹಾಗೆಂದೇ ಬರೆಯೋಣ ಎಂದೆ. "ಲಾಭ ಅಂತ ಬರೆದ್ರೆ ಜನ ಏನಂದ್ಕೋತಾರೋ" ಎಂದು ಹಿಂಜರಿದರು. ಅದನ್ನು ಹಿಂಡಿಯ ಮೂಟೆಯೊಳಗೆ ಬಚ್ಚಿಟ್ಟರೆ ಏನಂದುಕೊಳ್ಳುತ್ತಾರೆ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಇಲ್ಲೊಂದು ಕೊಂಕು ಮಾತು ಹೇಳಲೇಬೇಕು. ದಿನಕ್ಕೆ ಆ 450 ರೂಪಾಯಿ ಹುಟ್ಟಿಸಲು ಕಾಗದವೇ ಬೇಕಿರಲಿಲ್ಲ. 54ರ ದರದಲ್ಲೇ ಎಂಟು ಲೀಟರ್ ಚಿಲ್ಲರೆ ನೀರು ಬೆರೆಸಿದ್ದರೆ ಸಾಕಿತ್ತು, ಅಂದರೆ ಕ್ಯಾನಿನಲ್ಲಿ ಹತ್ತನೇ ಒಂದು ಪಾಲು. ಹಸುವಿನ ಹಾಲಿಗೆ ಲ್ಯಾಕ್ಟೋಮೀಟರ್ ಸಾಮಾನ್ಯವಾಗಿ 28ರಿಂದ 32 ತೋರಿಸುತ್ತದೆ. ಹತ್ತನೇ ಒಂದು ಪಾಲು ನೀರು ಬಿದ್ದರೆ ಮೂರು ಅಂಕ ಇಳಿಯುತ್ತದೆ, 30 ಇದ್ದದ್ದು 27. ಆಗಷ್ಟೇ ಕರೆದ ನೊರೆಹಾಲಿನಲ್ಲಿ ಮುಳುಗಿಸಿದರೂ ಅದು ಕಮ್ಮಿ ತೋರಿಸುತ್ತದೆ, ಆದ್ದರಿಂದ ಹಾಲು ಆರುವ ತನಕ ಕಾಯಬೇಕು. ಆದರೆ ಕಳ್ಳನಿಗೆ ದಾರಿ ಇದೆ. ಕೆನೆ ಹಗುರ, ಅದನ್ನು ತೆಗೆದರೆ ಉಳಿದ ಹಾಲು ಭಾರವಾಗಿ ಅಂಕ ಮೇಲೇರುತ್ತದೆ. ಆಮೇಲೆ ನೀರು ಹಾಕಿದರೆ ಮತ್ತೆ 30ಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿಯೇ ಹಳ್ಳಿಯ ಡೈರಿಗಳಲ್ಲಿ ಲ್ಯಾಕ್ಟೋಮೀಟರಿನ ಜೊತೆಗೆ ಕೊಬ್ಬನ್ನೂ ಅಳೆಯುತ್ತಾರೆ. ಮನೆಯಲ್ಲಿ ನಮಗಿರುವ ಸಾಧನ ಕಾಯಿಸಿ ಆರಿಸಿದ ಹಾಲಿನ ಕೆನೆ ಮಾತ್ರ. ಅದೂ ಒಂದು ದಿನ ನೋಡಿ ತೀರ್ಪು ಕೊಡುವಂಥದ್ದಲ್ಲ, ಮಳೆಗಾಲದ ಎಳೆ ಹುಲ್ಲು ತಿಂದಾಗ ಕೆನೆ ತೆಳ್ಳಗಾಗುವುದುಂಟು. ವಾರಗಟ್ಟಲೆ ತೆಳ್ಳಗೇ ಇದ್ದರೆ ಕೇಳಬೇಕು.

ಉಳಿದ ತೊಡಕು ನಂದಿನಿಯದು. ಅದೇ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿತ್ತು. 'ನಂದಿನಿಯವರೂ ಏರಿಸಿದ್ದಾರೆ' ಎಂದು ಬರೆಸುವ ಆಸೆ ಗೌಡರಿಗಿತ್ತು. ಹಾಗೆ ಬರೆದರೆ ಗಿರಾಕಿ, ಅವರು ನಾಲ್ಕು, ನೀವ್ಯಾಕೆ ಆರು ಎನ್ನುತ್ತಾನೆ. ನೀಲಿ ಪ್ಯಾಕೆಟ್ ಟೋನ್ಡ್ ಹಾಲು, ಕೊಬ್ಬನ್ನು ನೂರಕ್ಕೆ ಮೂರರಷ್ಟಕ್ಕೆ ತಂದು ನಿಲ್ಲಿಸಿದ್ದು. ಗೌಡರದು ಕರೆದದ್ದು ಕರೆದಂತೆ. ಸಹಕಾರ ಸಂಘಕ್ಕೆ ಹಾಲು ಹಾಕುವ ರೈತನಿಗೆ ಸರ್ಕಾರದ ಪ್ರೋತ್ಸಾಹಧನವಿದೆ, ಮನೆಮನೆಗೆ ಹಾಕುವ ಇವರಿಗಿಲ್ಲ. ಹಾಗೆಂದು ನಮ್ಮದೇ ಶುದ್ಧ ಎಂದು ಬರೆಯುವುದೂ ಸುಳ್ಳು. ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದು, ಪರೀಕ್ಷೆಯಾದದ್ದು. ಗೌಡರ ಹಾಲನ್ನು ಉಕ್ಕುವಂತೆ ಕಾಯಿಸದೆ ಕುಡಿಯಬಾರದು. ಅದನ್ನು ಕಾಗದಕ್ಕೆ ಸೇರಿಸಿ, ನಂದಿನಿಯನ್ನು ಬಿಟ್ಟೆವು.

ಹಿಂಡಿ ಇಳಿದರೆ ದರ ಇಳಿಸುತ್ತೇನೆಂದು ಬರೆಯಲೇ ಎಂದು ಕೇಳಿದೆ. "ಇಳಿದಿದ್ದು ನಾನು ಕಂಡಿಲ್ಲ ಮೇಷ್ಟ್ರೇ, ಕಾಣದ್ದಕ್ಕೆ ಮಾತು ಕೊಡಲ್ಲ. ಮುಂದಿನ ಯುಗಾದಿವರೆಗೆ ಮುಟ್ಟಲ್ಲ ಅಂತ ಬೇಕಾದ್ರೆ ಬರೀರಿ" ಎಂದರು. ಕಾಗದ ಕೊನೆಗೆ ಹೀಗಾಯಿತು:

"ವರ್ತನೆ ಮನೆಯವರಿಗೆ ನಮಸ್ಕಾರ. ಮೇ 1ರಿಂದ ಹಾಲು ಲೀಟರಿಗೆ 54ರ ಬದಲು 60 ರೂಪಾಯಿ, ಅರ್ಧ ಲೀಟರಿಗೆ 30. ಒಂದು ವರ್ಷದಲ್ಲಿ ನಮಗೆ ದಿನಕ್ಕೆ ಏರಿದ ಖರ್ಚು: ಹಿಂಡಿ-ಬೂಸಾ 192, ರಾಗಿ ಹುಲ್ಲು 80, ಆಳಿನ ಸಂಬಳ 83, ಔಷಧಿ 30, ಪೆಟ್ರೋಲು 3. ಗೊಬ್ಬರದಿಂದ ಜಾಸ್ತಿ ಬಂದದ್ದು 25. ದಿನಕ್ಕೆ 75 ಲೀಟರ್ ಮಾರುತ್ತೇವೆ, ಆ ಲೆಕ್ಕದಲ್ಲಿ ಲೀಟರಿಗೆ ನಾಲ್ಕು ರೂಪಾಯಿ 84 ಪೈಸೆ ಖರ್ಚಿಗೆ. ಉಳಿದ ಒಂದು ರೂಪಾಯಿ 16 ಪೈಸೆ ನಮ್ಮ ಮನೆಯವರ ಕೂಲಿಗೆ. ಮುಂದಿನ ಯುಗಾದಿಯವರೆಗೆ ದರ ಏರಿಸುವುದಿಲ್ಲ. ಹಾಲು ಕಮ್ಮಿ ಮಾಡಬೇಕಿದ್ದರೆ, ನಿಲ್ಲಿಸಬೇಕಿದ್ದರೆ ತಿಂಗಳ ಕೊನೆಯೊಳಗೆ ಹೇಳಿ, ಬೇಜಾರಿಲ್ಲ. ಅಳತೆ, ಹಾಲು ಯಾವಾಗ ಬೇಕಾದರೂ ಪರೀಕ್ಷೆ ಮಾಡಿಕೊಳ್ಳಬಹುದು. ಹಾಲನ್ನು ಉಕ್ಕುವಂತೆ ಕಾಯಿಸಿಯೇ ಬಳಸಿ."

ತಿಂಗಳ ಬಾಬ್ತು ಒಂದನೇ ತಾರೀಖಿಗೆ ಚುಕ್ತಾ ಆಗುವುದರಿಂದ, ಹದಿನೈದು ದಿನ ಮುಂಚೆಯೇ ಕಾಗದ ಹಂಚಿದರು. ನಾಲ್ಕು ಮನೆಯವರು ಪ್ಯಾಕೆಟ್ಟಿಗೆ ಹೋದರು. ಏಳು ಮನೆಯವರು ಲೀಟರಿಂದ ಮುಕ್ಕಾಲಿಗೆ ಇಳಿದರು, ಹೀಗಾಗಿ ಗೌಡರು ಎಣಿಸಿದ್ದ ಆ 87 ರೂಪಾಯಿ ಮೊದಲ ತಿಂಗಳು ಪೂರ್ತಿ ಕೈಗೆ ಬರಲಿಲ್ಲ. ಮೂಲೆಮನೆಯ ನಿವೃತ್ತ ಬ್ಯಾಂಕಿನವರು ಮಾತ್ರ ಕಾಗದ ಹಿಡಿದು ಗೇಟಿನಲ್ಲೇ ಗೌಡರನ್ನು ನಿಲ್ಲಿಸಿ ಲೆಕ್ಕ ಕೂಡಿಸಿದರು. ತಪ್ಪು ಸಿಗಲಿಲ್ಲ. ಪಾತ್ರೆ ಚಾಚಿ, "ಒಂದೂವರೆ ಲೀಟರ್ ಹಾಕಿ" ಎಂದರು.