ಅಂಬಾನಿ–ಎರಿಕ್ಸನ್ ಆದೇಶ: ನಂಬಿಕೆ ಒಂದು, ತೀರ್ಪು ಮತ್ತೊಂದು

2019ರ ಫೆಬ್ರವರಿ 20ರಂದು ಸುಪ್ರೀಂ ಕೋರ್ಟ್ ನೀಡಿದ ಒಂದು ಆದೇಶದ ಬಗ್ಗೆ ಕೇಳಿದರೆ ಬಹಳಷ್ಟು ಜನ ಹೇಳುವುದು ಹೀಗೆ: ಎರಿಕ್ಸನ್ ಕಂಪನಿಯ ಸಾಲ ತೀರಿಸದ್ದಕ್ಕೆ ಅನಿಲ್ ಅಂಬಾನಿಗೆ ಮೂರು ತಿಂಗಳು ಜೈಲು. ಈ ಒಂದೇ ಸಾಲಿನಲ್ಲಿ ಎರಡು ತಪ್ಪುಗಳಿವೆ. ಅಪರಾಧವೂ ಅದಲ್ಲ, ಶಿಕ್ಷೆಯೂ ಹಾಗಿರಲಿಲ್ಲ.

ತಪ್ಪು ಕಲ್ಪನೆ: ಸಾಲ ಕೊಡದಿದ್ದುದೇ ನ್ಯಾಯಾಂಗ ನಿಂದನೆ.

ಸಾಲ ಬಾಕಿ ಉಳಿಸಿಕೊಂಡವರ ಮೇಲೆ ದಾವೆ ಹೂಡಬಹುದು, ದಿವಾಳಿ ಪ್ರಕ್ರಿಯೆಗೆ ಎಳೆಯಬಹುದು. ಬಾಕಿ ಇದೆ ಎಂಬ ಒಂದೇ ಕಾರಣಕ್ಕೆ ಅದು ನಿಂದನೆಯಾಗುವುದಿಲ್ಲ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ ಪ್ರಕಾರ ಕೋರ್ಟಿನ ಆದೇಶವನ್ನು ಬೇಕೆಂದೇ ಉಲ್ಲಂಘಿಸುವುದು, ಇಲ್ಲವೇ ಕೋರ್ಟಿಗೆ ಕೊಟ್ಟ ಮುಚ್ಚಳಿಕೆಯನ್ನು ಬೇಕೆಂದೇ ಮುರಿಯುವುದು ಸಿವಿಲ್ ನಿಂದನೆ. ಹಾಗಾಗಿ ಇಂಥ ಆದೇಶದ ಸಾರಾಂಶ ಬರೆಯುವವರು ಬಾಕಿಯ ಮೊತ್ತಕ್ಕಿಂತ ಮೊದಲು ಹುಡುಕಬೇಕಾದದ್ದು, ಯಾರು ಏನು ಮಾಡುತ್ತೇವೆಂದು, ಯಾವ ದಿನದೊಳಗೆ ಎಂದು ಕೋರ್ಟಿಗೆ ಬರೆದುಕೊಟ್ಟಿದ್ದರು ಎಂಬುದನ್ನು.

ಈ ಪ್ರಕರಣದಲ್ಲಿ ಎರಿಕ್ಸನ್ 550 ಕೋಟಿ ರೂಪಾಯಿಗೆ ರಾಜಿಯಾಗಲು ಒಪ್ಪಿತ್ತು. 2018ರ ಆಗಸ್ಟ್ 3ರ ಆದೇಶದಂತೆ ರಿಲಯನ್ಸ್ ಕಮ್ಯೂನಿಕೇಷನ್ಸ್ ಮತ್ತು ಅದರ ಎರಡು ಅಂಗಸಂಸ್ಥೆಗಳು ಆ ಹಣವನ್ನು ಸೆಪ್ಟೆಂಬರ್ 30ರೊಳಗೆ ಕೊಡಬೇಕಿತ್ತು. ಕಂಪನಿಗಳ ಚೇರ್ಮನ್‌ಗಳು ಮುಚ್ಚಳಿಕೆಯನ್ನೂ ಸಲ್ಲಿಸಬೇಕಿತ್ತು. ಮುಚ್ಚಳಿಕೆ ಬಂತು. ಆದರೆ ಅದರೊಳಗೆ ಒಂದು ಷರತ್ತು ಸೇರಿಕೊಂಡಿತ್ತು: ಕಂಪನಿಯ ಆಸ್ತಿ ಮಾರಾಟವಾದ ಮೇಲೆ ಹಣ ಕೊಡುತ್ತೇವೆ ಎಂದು. ಹಣ ಬರಲಿಲ್ಲ. ಅಕ್ಟೋಬರ್ 23ರಂದು ಕೋರ್ಟ್ ಕೊನೆಯ ಅವಕಾಶವೆಂದು ಡಿಸೆಂಬರ್ 15ರವರೆಗೆ ಗಡುವು ಚಾಚಿ, ತಡವಾದರೆ ಶೇ 12ರ ಬಡ್ಡಿ ಎಂದಿತು. ಆ ಗಡುವೂ ದಾಟಿತು.

ತಪ್ಪು ಕಲ್ಪನೆ: ಗಡುವು ತಪ್ಪಿದ ಕೂಡಲೇ ತಪ್ಪು ಸಾಬೀತು, ಕ್ಷಮೆ ಕೇಳಿದರೆ ಮುಗಿಯಿತು.

ಎರಡೂ ಅಲ್ಲ. ಕೈಲಾಗದೆ ತಪ್ಪಿದವರಿಗೂ ಬೇಕೆಂದೇ ತಪ್ಪಿಸಿದವರಿಗೂ ಕಾನೂನು ಅಂತರ ನೋಡುತ್ತದೆ. ಆದ್ದರಿಂದಲೇ ಆದೇಶದ ಜೀವ ಇರುವುದು ಕೋರ್ಟ್ ಕಂಡುಕೊಂಡ ನಿರ್ಣಯದಲ್ಲಿ. ಆಸ್ತಿ ಮಾರಾಟ ಆಗಲಿಲ್ಲ, ಅದಕ್ಕೇ ಕೊಡಲಾಗಲಿಲ್ಲ ಎಂದು ಕಂಪನಿಗಳು ವಾದಿಸಿದವು. ನ್ಯಾಯಮೂರ್ತಿಗಳಾದ ಆರ್. ಎಫ್. ನಾರಿಮನ್ ಮತ್ತು ವಿನೀತ್ ಸರಣ್ ಅವರ ಪೀಠ ಇದನ್ನು ಒಪ್ಪಲಿಲ್ಲ. ಹಣ ಕೊಡುವುದನ್ನು ಕೋರ್ಟ್ ಮಾರಾಟಕ್ಕೆ ಗಂಟು ಹಾಕಿರಲಿಲ್ಲ. ಗಡುವು ಪಾಲಿಸುವ ಇರಾದೆಯೇ ಕಂಪನಿಗಳಿಗೆ ಇರಲಿಲ್ಲ. ಮುಚ್ಚಳಿಕೆ ಸುಳ್ಳೆಂಬುದು ಅದನ್ನು ಕೊಟ್ಟವರಿಗೇ ಗೊತ್ತಿತ್ತು ಎಂದು ಪೀಠ ನಿರ್ಣಯಿಸಿತು. ಬೇಷರತ್ ಕ್ಷಮೆಯನ್ನೂ ತಳ್ಳಿಹಾಕಿತು. ಅದೇ ಪ್ರಕರಣದಲ್ಲಿ ಸ್ಟೇಟ್ ಬ್ಯಾಂಕ್ ಚೇರ್ಮನ್ ವಿರುದ್ಧದ ನಿಂದನಾ ಅರ್ಜಿ ವಜಾಗೊಂಡಿತು. ಸಾರಾಂಶದಲ್ಲಿ ಇದನ್ನು ಬಿಟ್ಟರೆ, ಆರೋಪ ಎದುರಿಸಿ ಪಾರಾದವರಿಗೆ ಅನ್ಯಾಯ ಮಾಡಿದಂತೆ.

ತಪ್ಪು ಕಲ್ಪನೆ: ಕೋರ್ಟ್ ಮೂರು ತಿಂಗಳ ಸೆರೆವಾಸ ವಿಧಿಸಿತು.

ಪತ್ರಿಕೆಯ ತಲೆಬರಹಗಳು ಎಡವುವುದು ಹೆಚ್ಚಾಗಿ ಇಲ್ಲೇ. ಅನಿಲ್ ಅಂಬಾನಿ ಸೇರಿ ಮೂರು ಕಂಪನಿಗಳ ಚೇರ್ಮನ್‌ಗಳು ತಪ್ಪಿತಸ್ಥರೆಂದ ಪೀಠ, ನಿಂದನೆಯಿಂದ ಮುಕ್ತರಾಗಲು ದಾರಿಯನ್ನೂ ಇಟ್ಟಿತು: ಕೋರ್ಟಿನ ರಿಜಿಸ್ಟ್ರಿಯಲ್ಲಿ ಆಗಲೇ ಜಮಾ ಆಗಿದ್ದ 118 ಕೋಟಿಯ ಜೊತೆಗೆ ಇನ್ನೂ 453 ಕೋಟಿ ರೂಪಾಯಿಯನ್ನು ನಾಲ್ಕು ವಾರದೊಳಗೆ ಎರಿಕ್ಸನ್‌ಗೆ ಕೊಡಬೇಕು. ಕೊಡದಿದ್ದರೆ ಮಾತ್ರ ಮೂರು ತಿಂಗಳ ಸೆರೆ. ದಂಡದ ಲೆಕ್ಕ ಇದರಿಂದ ಪೂರ್ತಿ ಬೇರೆ. ಒಂದೊಂದು ಕಂಪನಿಯೂ ಒಂದೊಂದು ಕೋಟಿಯನ್ನು ಸುಪ್ರೀಂ ಕೋರ್ಟಿನ ಕಾನೂನು ಸೇವಾ ಸಮಿತಿಗೆ ಕಟ್ಟಬೇಕು, ತಪ್ಪಿದರೆ ಚೇರ್ಮನ್‌ಗಳಿಗೆ ಒಂದು ತಿಂಗಳ ಸೆರೆ. ಒಂದು ಹಣ ಎರಿಕ್ಸನ್‌ಗೆ ಸೇರುವ ಬಾಕಿ, ಇನ್ನೊಂದು ತಪ್ಪಿಗೆ ತೆರುವ ದಂಡ. ಇವೆರಡನ್ನು ಕೂಡಿಸಿ ಒಂದೇ ಮೊತ್ತ ಮಾಡಿದರೆ ಓದುಗರಿಗೆ ಯಾವುದೂ ತಿಳಿಯದು.

ಹೀಗೆ ನೋಡಿದರೆ ಇಡೀ ಆದೇಶದ ಸಾರಾಂಶ ನಾಲ್ಕು ವಾಕ್ಯದಲ್ಲಿ ಹಿಡಿಸುತ್ತದೆ:

“550 ಕೋಟಿ ರೂಪಾಯಿಯನ್ನು ಗಡುವಿನೊಳಗೆ ಕೊಡುವ ಸಂಬಂಧ ಕೋರ್ಟಿಗೆ ನೀಡಿದ್ದ ಮುಚ್ಚಳಿಕೆಯನ್ನು ಮೂರು ರಿಲಯನ್ಸ್ ಕಂಪನಿಗಳು ಪಾಲಿಸಲಿಲ್ಲ. ಇದು ಉದ್ದೇಶಪೂರ್ವಕವೆಂದು ಕಂಡುಕೊಂಡ ಕೋರ್ಟ್, ಕ್ಷಮೆಯನ್ನು ತಿರಸ್ಕರಿಸಿ ಚೇರ್ಮನ್‌ಗಳು ತಪ್ಪಿತಸ್ಥರೆಂದು ಸಾರಿತು. ಬಾಕಿ 453 ಕೋಟಿಯನ್ನು ನಾಲ್ಕು ವಾರದಲ್ಲಿ ಕೊಡದಿದ್ದರೆ ಮೂರು ತಿಂಗಳ ಸೆರೆ. ಕಂಪನಿಗೆ ತಲಾ ಒಂದು ಕೋಟಿ ದಂಡ ಪ್ರತ್ಯೇಕ, ಅದನ್ನು ಕಟ್ಟದಿದ್ದರೆ ಒಂದು ತಿಂಗಳ ಸೆರೆ.”

ಮುಂದೇನಾಯಿತು ಎಂಬುದನ್ನು ಈ ಸಾರಾಂಶದೊಳಗೆ ತುರುಕಬಾರದು. ಅದು ಆದೇಶದ ಭಾಗವಲ್ಲ, ಕೆಳಗೆ ದಿನಾಂಕ ಹಾಕಿ ಬೇರೆ ಟಿಪ್ಪಣಿಯಾಗಿ ಬರೆಯಬೇಕು. ಗಡುವಿಗೆ ಒಂದು ದಿನ ಉಳಿದಿದ್ದಾಗ, 2019ರ ಮಾರ್ಚ್ 18ರಂದು ಎರಿಕ್ಸನ್‌ಗೆ ಹಣ ಸಂದಾಯವಾಯಿತು. ನೆರವಾದ ಅಣ್ಣ ಮುಕೇಶ್ ಅಂಬಾನಿ ಮತ್ತು ಅತ್ತಿಗೆಗೆ ಅನಿಲ್ ಅಂಬಾನಿ ಬಹಿರಂಗವಾಗಿ ಧನ್ಯವಾದ ಹೇಳಿದರು. ಈ ಪ್ರಕರಣದಲ್ಲಿ ಯಾರೂ ಜೈಲಿಗೆ ಹೋಗಲಿಲ್ಲ.