ನಿಂತುಹೋದ ಬ್ಯಾಂಕ್ ಖಾತೆ ಮತ್ತೆ ಚಾಲೂ ಮಾಡಲು ದುಡ್ಡು ಕಟ್ಟಬೇಕೇ? ಅರ್ಜಿಯಿಂದ ಪಾಸ್‌ಬುಕ್‌ವರೆಗೆ ಏನೇನು ನೋಡಿಕೊಳ್ಳಬೇಕು?

“ನಿಮ್ಮ ಖಾತೆ ಡಾರ್ಮಂಟ್ ಆಗಿದೆ. ಇಂದೇ ಈ ಲಿಂಕ್ ಒತ್ತಿ ಶುಲ್ಕ ಕಟ್ಟದಿದ್ದರೆ ಹಣ ಸರ್ಕಾರಕ್ಕೆ ಹೋಗುತ್ತದೆ.” ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಮನೆಗಳಲ್ಲಿ ಬೆಳೆ ಪರಿಹಾರಕ್ಕೆಂದೋ ಮಕ್ಕಳ ಸ್ಕಾಲರ್‌ಶಿಪ್‌ಗೆಂದೋ ತೆರೆದು ಮರೆತ ಖಾತೆ ಒಂದಾದರೂ ಇರುತ್ತದೆ. ಹಾಗಾಗಿ ಸಂದೇಶ ನೋಡಿದ ಕೂಡಲೇ ಗಾಬರಿಯಾಗುವುದು ಸಹಜ.

ನೇರವಾಗಿ ಹೇಳಿಬಿಡೋಣ: ಖಾತೆ ಮತ್ತೆ ಚಾಲೂ ಮಾಡಲು ಬ್ಯಾಂಕ್ ಒಂದು ರೂಪಾಯಿ ಶುಲ್ಕವನ್ನೂ ತೆಗೆದುಕೊಳ್ಳುವಂತಿಲ್ಲ. ರಿಸರ್ವ್ ಬ್ಯಾಂಕ್ 2024ರ ಜನವರಿ 1ರಂದು ಹೊರಡಿಸಿದ, ಅದೇ ವರ್ಷದ ಏಪ್ರಿಲ್ 1ರಿಂದ ಜಾರಿಗೆ ಬಂದ ಸೂಚನೆಯಲ್ಲಿ ಇದು ಸ್ಪಷ್ಟವಾಗಿದೆ. ಸರ್ಕಾರಿ, ಖಾಸಗಿ, ಗ್ರಾಮೀಣ ಮತ್ತು ಸಹಕಾರಿ ಬ್ಯಾಂಕುಗಳಿಗೆಲ್ಲ ಇದು ಅನ್ವಯಿಸುತ್ತದೆ. ಊರಿನ ಸೊಸೈಟಿ ಮತ್ತು ಅಂಚೆ ಕಚೇರಿಯ ಖಾತೆಗಳಿಗೆ ನಿಯಮ ಬೇರೆ.

ಖಾತೆ ಯಾವಾಗ ನಿಲ್ಲುತ್ತದೆ?

ಎರಡು ವರ್ಷಕ್ಕಿಂತ ಹೆಚ್ಚು ಕಾಲ ನೀವು ಖಾತೆಯಲ್ಲಿ ಯಾವ ವ್ಯವಹಾರವನ್ನೂ ಮಾಡದಿದ್ದರೆ ಅದು ನಿಷ್ಕ್ರಿಯ ಖಾತೆ ಎನಿಸಿಕೊಳ್ಳುತ್ತದೆ. ಬ್ಯಾಂಕ್ ತಾನೇ ಬಡ್ಡಿ ಹಾಕಿದ್ದು, ತಾನೇ ಶುಲ್ಕ ಕಡಿದದ್ದು ಇದರಲ್ಲಿ ಲೆಕ್ಕಕ್ಕಿಲ್ಲ. ಸರ್ಕಾರದ ಸಹಾಯಧನ ಅಥವಾ ಸ್ಕಾಲರ್‌ಶಿಪ್‌ಗೆಂದೇ ತೆರೆದ ಶೂನ್ಯ ಬಾಕಿಯ ಖಾತೆಯನ್ನು ಮಾತ್ರ ಎರಡು ವರ್ಷ ಮುಟ್ಟದಿದ್ದರೂ ನಿಷ್ಕ್ರಿಯ ಮಾಡಬಾರದು.

ಹತ್ತು ವರ್ಷ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುವುದು ನಿಜ. ಆದರೆ ಹಾಗೆ ಹೋದ ಹಣವೂ ನಿಮ್ಮದೇ. ಅದೇ ಬ್ಯಾಂಕಿಗೆ ಅರ್ಜಿ ಕೊಟ್ಟು ವಾಪಸ್ ಪಡೆಯಬಹುದು.

ಅರ್ಜಿ ಕೊಡುವ ಮುನ್ನ

ಮೊದಲು ಪಾಸ್‌ಬುಕ್ ಮೇಲಿನ ಬ್ಯಾಂಕಿನ ಹೆಸರು ನೋಡಿ. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿದವು. ಹಳೆಯ ಬೋರ್ಡ್ ಕಾಣುತ್ತಿಲ್ಲ ಎಂದರೆ ಹಣ ಮುಳುಗಿತು ಎಂದಲ್ಲ. ಹೊಸ ಬ್ಯಾಂಕಿನ ಶಾಖೆಗೆ ಹಳೆಯ ಪಾಸ್‌ಬುಕ್ ಒಯ್ದರೆ ಅವರು ಖಾತೆ ಹುಡುಕುತ್ತಾರೆ.

ಖಾತೆದಾರರು ದುಡಿಯಲು ಬೆಂಗಳೂರಿಗೋ ಗೋವಾಕ್ಕೋ ಹೋಗಿದ್ದರೆ ಸವಣೂರಿಗೇ ಬರಬೇಕೆಂದಿಲ್ಲ. ಕೆವೈಸಿ ಹೊಸದಾಗಿಸುವ ಕೆಲಸ ಅದೇ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಆಗಬೇಕು.

ಕಾಗದಗಳು ಹೆಚ್ಚೇನಿಲ್ಲ: ಬ್ಯಾಂಕಿನ ಅರ್ಜಿ, ಫೋಟೋ, ಆಧಾರ್ ಅಥವಾ ಮತದಾರರ ಚೀಟಿಯಂಥ ಗುರುತಿನ ದಾಖಲೆ, ಪ್ಯಾನ್ ಕಾರ್ಡ್. ಪ್ಯಾನ್ ಇಲ್ಲದಿದ್ದರೆ ಬ್ಯಾಂಕಿನಲ್ಲೇ ಫಾರ್ಮ್ 60 ಕೊಡುತ್ತಾರೆ. ಝೆರಾಕ್ಸ್ ಜೊತೆ ಮೂಲ ಪ್ರತಿಯನ್ನೂ ಒಯ್ಯಿರಿ.

ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಹೆಸರಿನಲ್ಲಿ. ಪಾಸ್‌ಬುಕ್‌ನಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು ಇದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಮದುವೆಯಿಂದ ಹೆಸರು ಬದಲಾಗಿದ್ದರೆ ಮದುವೆ ನೋಂದಣಿ ಪತ್ರ ಜೊತೆಗಿರಲಿ. ಹಳೆಯ ಸಿಮ್ ಈಗ ಬೇರೆಯವರ ಕೈಗೆ ಹೋಗಿರಬಹುದು. ಹಾಗಿದ್ದರೆ ಮೊಬೈಲ್ ನಂಬರ್ ಬದಲಿಸುವ ಅರ್ಜಿಯನ್ನೂ ಅದೇ ದಿನ ಕೊಡಿ. ಇಲ್ಲದಿದ್ದರೆ ಒಟಿಪಿ ಅವರಿಗೆ ಹೋಗುತ್ತದೆ.

ಅರ್ಜಿಯ ಒಂದು ಪ್ರತಿಯ ಮೇಲೆ ತಾರೀಖಿನ ಸಮೇತ ಸೀಲು ಹಾಕಿಸಿಕೊಳ್ಳಿ. ಕಾಗದಪತ್ರ ಸರಿಯಾಗಿರುವ ಅರ್ಜಿಯನ್ನು ಬ್ಯಾಂಕ್ ಮೂರು ಕೆಲಸದ ದಿನಗಳಲ್ಲಿ ಇತ್ಯರ್ಥ ಮಾಡಬೇಕು. ಆ ಮೂರು ದಿನ ಎಣಿಸಲು ನಿಮಗೆ ಆಧಾರ ಈ ಸೀಲು.

ಎಷ್ಟು ಹಣ ಉಳಿದಿರಬೇಕು?

ಒಂದು ಲೆಕ್ಕ ಮಾಡಿ ನೋಡೋಣ. ಹಿರೇಕೆರೂರಿನ ಒಬ್ಬ ತಾಯಿ 2021ರ ಜೂನ್ 30ರಂದು ಕೊನೆಯದಾಗಿ ಹಣ ತೆಗೆದರು, ಖಾತೆಯಲ್ಲಿ 860 ರೂಪಾಯಿ ಉಳಿಯಿತು ಎಂದಿಟ್ಟುಕೊಳ್ಳಿ. ಆ ಶಾಖೆಯಲ್ಲಿ ಕನಿಷ್ಠ 1,000 ರೂಪಾಯಿ ಇರಬೇಕು. ಇಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ 20 ರೂಪಾಯಿ ದಂಡ, ಅದರ ಮೇಲೆ ಶೇಕಡ 18 ಜಿಎಸ್‌ಟಿ, ಒಟ್ಟು 23.60 ರೂಪಾಯಿ. ಎಟಿಎಂ ಕಾರ್ಡ್ ಇಲ್ಲ.

ಮೊದಲ ಎರಡು ವರ್ಷ, ಅಂದರೆ 2023ರ ಜೂನ್‌ವರೆಗೆ, ಖಾತೆ ಚಾಲ್ತಿಯಲ್ಲೇ ಇತ್ತು. ಹಾಗಾಗಿ ಎಂಟು ಸಲದ ದಂಡ 188.80 ರೂಪಾಯಿ ಕಡಿದದ್ದು ನಿಯಮದಂತೆಯೇ ಆಯಿತು. ಆಮೇಲೆ ಖಾತೆ ನಿಷ್ಕ್ರಿಯ. ನಿಷ್ಕ್ರಿಯ ಖಾತೆಗೆ ಕನಿಷ್ಠ ಬಾಕಿಯ ದಂಡ ಹಾಕುವಂತಿಲ್ಲ, ಆದರೆ ಉಳಿತಾಯ ಖಾತೆಯ ಬಡ್ಡಿ ಹಾಕುತ್ತಲೇ ಇರಬೇಕು. ವರ್ಷಕ್ಕೆ ಶೇಕಡ 2.75 ಎಂದು ಹಿಡಿದರೆ ನಾಲ್ಕು ವರ್ಷದ ಬಡ್ಡಿ ಸುಮಾರು 82 ರೂಪಾಯಿ. ಆದ್ದರಿಂದ 2025ರ ಜುಲೈನಲ್ಲಿ ಖಾತೆ ಚಾಲೂ ಆದಾಗ ಸುಮಾರು 753 ರೂಪಾಯಿ ಇರಬೇಕು.

ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ 560ರ ಆಸುಪಾಸು ಬಂದರೆ? 2023ರ ಜುಲೈ ನಂತರವೂ ದಂಡ ಕಡಿದಿರಬಹುದು. ತಾರೀಖು ನೋಡಿದರೆ ತಿಳಿಯುತ್ತದೆ. ಆ ಸಾಲುಗಳಿಗೆ ಗುರುತು ಹಾಕಿ, ಹಣ ವಾಪಸ್ ಹಾಕುವಂತೆ ಬರವಣಿಗೆಯಲ್ಲಿ ಕೇಳಿ. ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕದ ಮಾತು ಬೇರೆ. ಅದು ಕನಿಷ್ಠ ಬಾಕಿಯ ದಂಡವಲ್ಲವಾದ್ದರಿಂದ ಈ ನಿಷೇಧ ಅದಕ್ಕೆ ಅನ್ವಯಿಸುವುದಿಲ್ಲ. ಬೇಡದ ಕಾರ್ಡನ್ನು ಬಂದ್ ಮಾಡಿಸಿ.

ಒಂದು ಮಾತು: ದಂಡ ಕಡಿದು ಕಡಿದು ಬಾಕಿ ಸೊನ್ನೆಗಿಂತ ಕೆಳಗಿಳಿಯುವಂತಿಲ್ಲ. “ನೀವೇ 400 ರೂಪಾಯಿ ಬಾಕಿ ಇದ್ದೀರಿ” ಎಂದು ಕನಿಷ್ಠ ಬಾಕಿಯ ಹೆಸರಿನಲ್ಲಿ ಕೇಳಿದರೆ ಅದೂ ತಪ್ಪು.

ಚಾಲೂ ಆದ ಮೇಲೆ

ಕೌಂಟರ್‌ನಲ್ಲಿ “ನೂರು ರೂಪಾಯಿ ತುಂಬಿ” ಎಂದರೆ ಅದೆಲ್ಲವೂ ಶುಲ್ಕವಲ್ಲ. ಆ ಹಣ ಪಾಸ್‌ಬುಕ್‌ನಲ್ಲಿ ಜಮಾ ಆಗಿ ಬಂದರೆ ಅದು ನಿಮ್ಮದೇ. ಜಮಾ ಆಗದೆ ಯಾರದೋ ಜೇಬಿಗೋ ಯುಪಿಐ ನಂಬರಿಗೋ ಹೋದರೆ ಕೊಡಬೇಡಿ.

ಖಾತೆ ಚಾಲೂ ಆದ ದಿನದಿಂದ ಕನಿಷ್ಠ ಬಾಕಿಯ ನಿಯಮವೂ ಮತ್ತೆ ಶುರುವಾಗುತ್ತದೆ. ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಉಳಿತಾಯ ಖಾತೆಗಳಿಗೆ ಈ ದಂಡವನ್ನೇ ಕೈಬಿಟ್ಟಿದೆ. ನಿಮ್ಮ ಬ್ಯಾಂಕಿನಲ್ಲಿ ದಂಡವಿದ್ದು, ಅಷ್ಟು ಹಣ ಇಡಲಾಗದಿದ್ದರೆ ಖಾತೆಯನ್ನು ಕನಿಷ್ಠ ಬಾಕಿ ಬೇಡದ ಮೂಲ ಉಳಿತಾಯ ಖಾತೆಯಾಗಿ ಬದಲಿಸಲು ಕೇಳಿ. ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆ ಇರಬಾರದು, ಅಷ್ಟೆ.

ಗೃಹಲಕ್ಷ್ಮಿಯಂಥ ಹಣ ಈ ಖಾತೆಗೇ ಬರಬೇಕೆಂದರೆ ಆಧಾರ್ ಜೋಡಣೆ ಯಾವ ಬ್ಯಾಂಕಿಗಿದೆ ಎಂದು ಬೇರೆಯಾಗಿ ವಿಚಾರಿಸಿ. ಖಾತೆ ಚಾಲೂ ಆದ ಮಾತ್ರಕ್ಕೆ ಅದು ಬದಲಾಗುವುದಿಲ್ಲ.

ಶಾಖೆಯಲ್ಲಿ ಶುಲ್ಕ ಕೇಳಿದರೆ ಅಥವಾ ಕಡಿದ ದಂಡ ವಾಪಸ್ ಕೊಡದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು. ಲಿಂಕ್ ಒತ್ತಿ ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: “ಶುಲ್ಕ ಕಟ್ಟಿದರೆ ಮಾತ್ರ ಖಾತೆ ಚಾಲೂ” ಎಂಬುದು ಸುಳ್ಳು. ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ.